ಒಳಮೈಗೆ ಒಂದು ಸೇವ್

ಮನುಕುಲವನ್ನು ಕಾಡುವ ಗಹನ ಪ್ರಶ್ನೆಗಳಲ್ಲಿ ಒಂದನ್ನು ಇಲ್ಲಿ ವಿಚಾರಣೆಗೆ ಎತ್ತಿಕೊಳ್ಳಲಾಗಿದೆ. ಒಂದು ಕೋಟನ್ನು ಒಳಮೈ ಹೊರಗಾಗಿ ತಿರುಗಿಸಿ ತೆಗೆದ ಚಿತ್ರವನ್ನು ಇನ್‌ಸ್ಟಾಗ್ರಾಮಿನಲ್ಲಿ ಯಾರೋ ಒಬ್ಬರು ಸೇವ್ ಮಾಡಿದರು. ಯಾರು?

ಕೋಟು ಹೊಲಿದವಳು ಕತ್ತರಿಯಮ್ಮ. ಅದು ಅವಳ ಹೆಸರಲ್ಲ. ಕೊರಳಲ್ಲಿ ಸದಾ ದಾರ ಕತ್ತರಿಸುವ ಪುಟ್ಟ ಕತ್ತರಿ ತೂಗಿಕೊಂಡಿರುತ್ತದೆಂದು ಬೀದಿಯವರು ಇಟ್ಟದ್ದು. ಮನೆಯ ಮುಂದಿನ ಕೋಣೆಯೇ ಅಂಗಡಿ. ಗೋಡೆಗಾತುಕೊಂಡು ಎರಡು ಹೊಲಿಗೆ ಯಂತ್ರಗಳು, ನಡುವೆ ಇಸ್ತ್ರಿ ಮೇಜು, ಮೊಳೆಗಳಲ್ಲಿ ತಾವು ಯಾರವೆಂದು ಚೀಟಿ ಹೊತ್ತು ನೇತಾಡುವ ಪ್ಯಾಂಟುಗಳು. ಒಂದು ಯಂತ್ರ ದಿನವಿಡೀ ಓಡುತ್ತದೆ. ಇನ್ನೊಂದರ ಮೇಲೆ ಕವಚ ಹಾಕಿದೆ. ಅದು ತಂಗಿಯದು.

ತಂಗಿಗೆ ಒಂದು ಚಟವಿತ್ತು. ಯಾವ ಬಟ್ಟೆ ಕೈಗೆ ಬಂದರೂ ಮೊದಲು ತಿರುಗಿಸಿ ಒಳಗಿನ ಹೊಲಿಗೆ ನೋಡುತ್ತಿದ್ದಳು. "ಮುಖ ಎಲ್ಲರೂ ತೊಳ್ಕೊಂಡೇ ಬರ್ತಾರೆ ಅಕ್ಕಾ. ಕಿವಿ ಹಿಂದೆ ನೋಡ್ಬೇಕು" ಎನ್ನುತ್ತಿದ್ದಳು. ಇಂಥವಳು ಕೋಟಿನ ಒಳಮೈಗೆ ಹಾಕಿದ ಲೈನಿಂಗನ್ನು ಒಂದು ದಿನ ಕತ್ತರಿಯಮ್ಮ ಗಿರಾಕಿಯ ಎದುರಿಗೇ ಚರಚರ ಬಿಚ್ಚಿ, "ಇದನ್ನ ಹೊಲಿಗೆ ಅಂತಾರಾ?" ಎಂದಳು. ತಂಗಿ ಕೊರಳಿನ ಟೇಪು ತೆಗೆದು, ಸುರುಳಿ ಸುತ್ತಿ, ಮೇಜಿನ ಮೇಲಿಟ್ಟು ಹೋದಳು. ಆಮೇಲೆ ಅವಳ ಫೋನ್ ನಂಬರು ಬದಲಾಯಿತು. ಮನೆಯೂ ಬದಲಾಯಿತು. ವಿಳಾಸ ಗೊತ್ತಿದ್ದವರು ಯಾರೂ ಹೇಳಲಿಲ್ಲ. ಹೇಳುತ್ತೇನೆಂದು ಬಂದವರಿಗೆ ಗೊತ್ತಿರಲಿಲ್ಲ.

ಅಂಗಡಿಗೆ ಇನ್‌ಸ್ಟಾಗ್ರಾಮ್ ಅಕೌಂಟ್ ಮಾಡಿಕೊಟ್ಟದ್ದು ಮಗಳು. ಅವಳು ಕಾಲೇಜಿನಲ್ಲಿ ಓದುತ್ತಾಳೆ, ಹಾಸ್ಟೆಲಿನಲ್ಲಿರುತ್ತಾಳೆ, ವಾರದ ಕೊನೆಗೆ ಒಗೆಯುವ ಬಟ್ಟೆ ಮತ್ತು ಬುದ್ಧಿಮಾತುಗಳನ್ನು ಹೊತ್ತು ಮನೆಗೆ ಬರುತ್ತಾಳೆ. ವ್ಯಾಪಾರಕ್ಕೆಂದು ಪ್ರೊಫೆಷನಲ್ ಅಕೌಂಟನ್ನೇ ಮಾಡಿದ್ದಳು. ಕೋಟು ತೊಟ್ಟು ನಿಂತವರ ಚಿತ್ರ ಹಾಕಿದರೆ ಸಾಲಾಗಿ ಲೈಕಿನ ಹೃದಯಗಳು ಬೀಳುತ್ತಿದ್ದವು. ಒಮ್ಮೆ ಮಗಳಿಲ್ಲದಾಗ ಕತ್ತರಿಯಮ್ಮ, ಇಸ್ತ್ರಿಗೆಂದು ತಿರುಗಿಸಿಟ್ಟಿದ್ದ ಕೋಟನ್ನು ಹಾಗೇ ಫೋಟೋ ಹೊಡೆದು ಹಾಕಿಬಿಟ್ಟಳು. ಹೃದಯಗಳು ಮುನಿಸಿಕೊಂಡವು. ಆದರೆ ಪೋಸ್ಟಿನ ಲೆಕ್ಕ ತೋರಿಸುವ ಇನ್‌ಸೈಟ್ಸ್ ತೆರೆದಾಗ, ಪುಸ್ತಕದ ಗುರುತುಪಟ್ಟಿಯಂಥ ಸೇವ್ ಚಿಹ್ನೆಯ ಪಕ್ಕದಲ್ಲಿ ಒಂದು ಎಂಬ ಅಂಕೆ ಕುಳಿತಿತ್ತು.

ಅವಳು ಇನ್ನೊಂದು ಒಳಮೈ ಹಾಕಿದಳು. ಮತ್ತೆ ಅದೇ ಒಂದು. ನಡುವೆ ಹೊರಮೈ ಹಾಕಿದಳು. ಹೃದಯಗಳು ಬಂದವು, ಸೇವ್ ಸೊನ್ನೆ. ಜೇಬಿನ ಒಳಗು, ತೋಳು ಕೂಡುವಲ್ಲಿನ ಕೈಹೊಲಿಗೆ, ಗುಂಡಿಯ ಕಾಜಾದ ಹಿಂಬದಿ: ಒಂದು, ಒಂದು, ಒಂದು.

ಮಗಳು ಬಂದಾಗ ಅಮ್ಮ ಮೇಜಿನ ಪಕ್ಕ ನಿಂತು ಆ ಅಂಕೆಯನ್ನು ಬೆರಳಲ್ಲಿ ಒತ್ತುತ್ತಿದ್ದಳು, ಒಳಗೆ ಯಾರೋ ಇದ್ದಾರೆ, ಕರೆದರೆ ಬರುತ್ತಾರೆ ಎಂಬಂತೆ.

"ಅದನ್ನ ಒತ್ತಿದ್ರೆ ಏನೂ ಬರಲ್ಲಮ್ಮ."

"ಹೃದಯ ಒತ್ತಿದ್ರೆ ಹೆಸರು ಬರುತ್ತಲ್ಲ?"

"ಹೃದಯ ಬೇರೆ. ಅದು ಎಲ್ಲರೆದುರು ಚಪ್ಪಾಳೆ ತಟ್ಟಿದ ಹಾಗೆ. ಇದು ಸುಮ್ನೆ ಜೇಬಿಗೆ ಹಾಕ್ಕೊಂಡ ಹಾಗೆ. ಎಷ್ಟು ಜನ ಅಂತ ಹೇಳುತ್ತೆ. ಯಾರು ಅಂತ ಹೇಳಲ್ಲ."

"ನನ್ನ ಬಟ್ಟೆ, ನನ್ನ ಫೋಟೋ. ನನಗೇ ಹೇಳಲ್ವಾ?"

"ನಿನಗೂ ಹೇಳಲ್ಲ, ಯಾರಿಗೂ ಹೇಳಲ್ಲ. ನಮ್ಮದು ಮಾಮೂಲಿ ಅಕೌಂಟ್ ಆಗಿದ್ರೆ ಈ ಒಂದು ಅನ್ನೋದೂ ಕಾಣ್ತಿರ್ಲಿಲ್ಲ. ಪ್ರೊಫೆಷನಲ್ ಅಂತ ಇಷ್ಟು ದಯೆ ತೋರಿಸಿದ್ದಾರೆ."

ಕತ್ತರಿಯಮ್ಮ ಕನ್ನಡಕವನ್ನು ಹಣೆಗೇರಿಸಿದಳು. "ನಿಮ್ಮ ಚಿಕ್ಕಮ್ಮನೇ ಕಣೇ ಇದು."

ಮಗಳು ನಗಲಿಲ್ಲ. ಕವಚ ಹಾಕಿದ ಯಂತ್ರದ ಕಡೆ ಒಮ್ಮೆ ನೋಡಿ, ಫಾಲೋ ಮಾಡುವವರನ್ನೆಲ್ಲ ಮೇಲಿನಿಂದ ಕೆಳಗೆ ಉರುಳಿಸಿದಳು. "ಇದರಲ್ಲಿ ಚಿಕ್ಕಮ್ಮ ಇಲ್ಲ."

"ಫಾಲೋ ಮಾಡದೇ ಸೇವ್ ಮಾಡೋಕಾಗಲ್ವಾ?"

"ಆಗುತ್ತೆ. ನಮ್ಮದು ತೆರೆದ ಅಕೌಂಟಲ್ವಾ, ದಾರೀಲಿ ಹೋಗೋರೂ ಮಾಡಬಹುದು. ಹೊಲಿಗೆ ಕಲಿಯೋ ಯಾವ್ದೋ ಹುಡುಗಿ ಇರಬಹುದು. ಯಾರೋ ಮುದುಕಪ್ಪ ಬೆರಳು ತಪ್ಪಿ ಒತ್ತಿರಬಹುದು."

"ಒಳಮೈಗೆ ಮಾತ್ರ ತಪ್ಪೋ ಬೆರಳಾ?"

ಮಗಳು ಮಾತು ಮರೆಸಲೆಂದು ಅಮ್ಮನೇ ಸೇವ್ ಮಾಡಿಟ್ಟಿದ್ದ ಪೋಸ್ಟುಗಳನ್ನು ತೆರೆದಳು. ಅಲ್ಲಿ 'ಕಾಲರ್' ಎಂಬ ಒಂದು ಕಲೆಕ್ಷನ್ ಇತ್ತು. ಅದರ ತುಂಬ ಯಾರೋ ಒಬ್ಬ ದರ್ಜಿಯ ಕಾಲರುಗಳು.

"ಯಾರಮ್ಮ ಈತ?"

"ಯಾರಿಗೆ ಗೊತ್ತು? ಕೈ ಚೆನ್ನಾಗಿದೆ. ದಿನಾ ನೋಡ್ತೀನಿ."

"ಒಂದು ಲೈಕಾದ್ರೂ ಕೊಟ್ಟಿದ್ದೀಯಾ?"

"ನಾನ್ಯಾಕೆ ಕೊಡಲಿ? ಕೊಬ್ಬಿಬಿಟ್ಟಾನು."

"ನೋಡು. ಈ ಕಲೆಕ್ಷನ್ ನಿನಗೆ ಮಾತ್ರ ಕಾಣುತ್ತೆ. ನೀನಾಗಿ ಯಾರನ್ನಾದ್ರೂ ಇದರೊಳಗೆ ಸೇರಿಸಿಕೊಂಡ್ರೆ ಅವರಿಗೂ ಕಾಣುತ್ತೆ, ಇಲ್ಲಾಂದ್ರೆ ಇಲ್ಲ. ಆ ಪುಣ್ಯಾತ್ಮನೂ ಅಲ್ಲಿ ಕೂತು ಇದ್ಯಾರಪ್ಪ ಅಂತ ಅಂಕೆ ಒತ್ತುತ್ತಿರಬಹುದು."

ಕತ್ತರಿಯಮ್ಮ ಆ ಪುಣ್ಯಾತ್ಮನ ಬಗ್ಗೆ ಅರೆಕ್ಷಣ ಮರುಗಿದಳು. ಲೈಕ್ ಮಾತ್ರ ಕೊಡಲಿಲ್ಲ.

ಆಗ ಗಂಡ ರಂಗಕ್ಕಿಳಿದ. ಅವನು ಬಸ್ಸು ಓಡಿಸುವವನು. ಜಗತ್ತಿನ ಯಾವ ತೊಡಕಿಗೂ ಒಂದು ಅಡ್ಡದಾರಿ ಇದ್ದೇ ಇರುತ್ತದೆಂಬುದು ಅವನ ನಂಬಿಕೆ. "ನಿಮ್ಮ ಪೋಸ್ಟ್ ಸೇವ್ ಮಾಡಿದ್ದು ಯಾರೆಂದು ತಿಳಿಯಿರಿ" ಎಂದು ಸಾರುವ ಒಂದು ಆ್ಯಪನ್ನು ಹುಡುಕಿ ತಂದು, ಅದು ಕೇಳಿದ ಪಾಸ್‌ವರ್ಡನ್ನು ಟೈಪು ಮಾಡಲು ತೋರುಬೆರಳೆತ್ತಿದ್ದ. ಮಗಳು ಫೋನ್ ಕಿತ್ತುಕೊಂಡಳು.

"ಅಪ್ಪಾ! ಇನ್‌ಸ್ಟಾಗ್ರಾಮೇ ಕೊಡದ ಹೆಸರು ಇವನಿಗೆಲ್ಲಿಂದ ಬರುತ್ತೆ? ಅಕೌಂಟೇ ಹೊಡ್ಕೊಂಡು ಹೋಗ್ತಾನೆ."

"ಅಷ್ಟು ದೊಡ್ಡದಾಗಿ ಬರೆದಿದ್ದಾನಲ್ಲೇ."

"ನಿಮ್ಮ ಬಸ್ಸಿನ ಮೇಲೂ ಎಕ್ಸ್‌ಪ್ರೆಸ್ ಅಂತ ಬರೆದಿದೆ."

ಅಪ್ಪ ಕಾಫಿ ಲೋಟ ಎತ್ತಿಕೊಂಡು ಹಿತ್ತಿಲಿಗೆ ಹೋದ. ಮರುದಿನ ಮಗಳು ಹಾಸ್ಟೆಲಿಗೆ ಹೊರಟಳು. ಹೊರಡುವಾಗ, "ಅಕೌಂಟಲ್ಲಿ ಏನನ್ನೂ ಮುಟ್ಟಬೇಡಿ" ಎಂದು ಇಬ್ಬರಿಗೂ ತಾಕೀತು ಮಾಡಿದಳು. ಹಾಗೆ ಹೇಳದೇ ಹೋಗಿದ್ದರೆ ಮುಟ್ಟಬಹುದೆಂಬ ವಿಚಾರ ಅವರ ತಲೆಗೆ ಹೊಳೆಯುತ್ತಿತ್ತೋ ಇಲ್ಲವೋ.

ಇಸ್ತ್ರಿ ಮಾಡುತ್ತಿದ್ದ ಕತ್ತರಿಯಮ್ಮನಿಗೆ ಅದು ಥಟ್ಟನೆ ಹೊಳೆಯಿತು. "ರೀ, ಅಂಗಡಿ ಬಾಗಿಲು ತೆರೆದೇ ಇದ್ರೆ ಹೊರಗಿಂದಲೇ ಇಣುಕಿ ಹೋಗಬಹುದು. ಮುಚ್ಚಿದ್ರೆ ಬೇಕಾದವರು ತಟ್ಟಲೇಬೇಕಲ್ವಾ?"

"ಪ್ರೈವೇಟ್ ಮಾಡೋಣ ಅಂತೀಯಾ?"

"ಹ್ಞೂಂ. ಆಗ ನೋಡ್ಬೇಕು ಅಂದ್ರೆ ಫಾಲೋ ಮಾಡ್ತೀನಿ ಅಂತ ಕೇಳ್ಕೋಬೇಕು. ಕೇಳಿದ್ರೆ ಹೆಸರು ಬರುತ್ತೆ."

ದರ್ಜಿಯ ತರ್ಕದಲ್ಲಿ ಒಂದು ಹೊಲಿಗೆಯೂ ತಪ್ಪಿರಲಿಲ್ಲ. ಗಂಡ ಸೆಟ್ಟಿಂಗ್ಸ್ ತೆರೆದ. ಪ್ರೊಫೆಷನಲ್ ಅಕೌಂಟನ್ನು ಪ್ರೈವೇಟ್ ಮಾಡಲು ಬರುವುದಿಲ್ಲ, ಮೊದಲು ಪರ್ಸನಲ್ಲಿಗೆ ಬದಲಾಯಿಸಿ ಎಂದಿತು ಫೋನು. ಬದಲಾಯಿಸಹೊರಟರೆ, ಇನ್‌ಸೈಟ್ಸ್ ಅಳಿಸಿಹೋಗುತ್ತದೆ ಎಂದು ಎಚ್ಚರಿಸಿತು.

"ಇನ್‌ಸೈಟ್ಸ್ ಹೋಗುತ್ತಂತೆ ಕಣೇ."

"ಹೋದ್ರೆ ಹೋಗ್ಲಿ. ಅಂಕೆ ಯಾರಿಗೆ ಬೇಕು, ಹೆಸರು ಬೇಕು. ಒತ್ತಿ."

ಒತ್ತಿದ. ಬಾಗಿಲು ಮುಚ್ಚಿತು.

ಮೊದಲು ತಟ್ಟಿದವನು ಪಕ್ಕದ ಬೀದಿಯ ಬಟ್ಟೆ ವ್ಯಾಪಾರಿ. ಚಿತ್ರಗಳು ಎಲ್ಲಿ ಹೋದವೆಂದು ಅವನಿಗೆ ಗಾಬರಿ. ಆಮೇಲೆ ಲಾರಿಯ ಚಿತ್ರ ಹಾಕಿಕೊಂಡಿದ್ದ ಒಬ್ಬ ಅಪರಿಚಿತ. ಆಮೇಲೆ, ಕತ್ತರಿಯಮ್ಮ ಬಾಬಿನ್ನಿಗೆ ದಾರ ಸುತ್ತುತ್ತಿದ್ದಾಗ, ಮುಖವಿಲ್ಲದ, ಒಂದೂ ಪೋಸ್ಟಿಲ್ಲದ, ಅಕ್ಷರ ಅಂಕೆಗಳ ಗೊಂಚಲಿನ ಹೆಸರಿನ ಒಂದು ಅಕೌಂಟ್. ಅವಳ ಕಾಲು ಪೆಡಲಿನ ಮೇಲೆಯೇ ನಿಂತಿತು. ಒಳಕ್ಕೆ ಬಿಟ್ಟುಕೊಂಡಳು. ಬಟ್ಟೆಯ ಚಿಂದಿಯಲ್ಲಿ ಬೆರಳೊರೆಸಿ ಬರೆದಳು: "ನೀನೇನಾ?"

ಉತ್ತರ ಬರುವ ತನಕ ಯಾವ ಬಟ್ಟೆಯೂ ಮುಂದೆ ಸಾಗಲಿಲ್ಲ. ಗಿರಾಕಿಯೊಬ್ಬ ಪ್ಯಾಂಟಿಗೆ ಬಂದು ಬರಿಗೈಲಿ ಹೋದ. ಅವಳು ಕವಚ ಸರಿಸಿ ತಂಗಿಯ ಯಂತ್ರಕ್ಕೆ ಎಣ್ಣೆ ಬಿಟ್ಟಳು, ಚಕ್ರ ತಿರುಗಿಸಿ ನೋಡಿದಳು, ಸಲೀಸಾಗಿ ತಿರುಗಿತು. ಸಂಜೆ ಫೋನ್ ಮಿನುಗಿತು.

"ಹೌದು ಮೇಡಂ ನಾನೇ. ಕಿಟಕಿ ಪರದೆ ಹೊಲೀತೀರಾ?"

ಕತ್ತರಿಯಮ್ಮ ಪರದೆ ಹೊಲಿದುಕೊಟ್ಟಳು. ಒಳಮೈಯನ್ನೂ ಅಚ್ಚುಕಟ್ಟಾಗಿಯೇ ಹೊಲಿದಳು. ಬೇರೆ ಯಾರೂ ತಟ್ಟಲಿಲ್ಲ.

ಮಗಳು ಬಂದಾಗ ಅಪ್ಪ ಹಿತ್ತಿಲಲ್ಲೇ ಇದ್ದ. ಫೋನ್ ನೋಡಿದ ಮಗಳು ಸ್ಟೂಲಿನ ಮೇಲೆ ಕುಸಿದಳು.

"ಅಮ್ಮಾ, ಯಾರು ಸೇವ್ ಮಾಡ್ತಿದ್ರೋ ಅವರು ಫಾಲೋ ಮಾಡ್ತಿರ್ಲಿಲ್ಲ ಅಂದ್ಕೋ. ನೀನು ಪ್ರೈವೇಟ್ ಮಾಡಿದ ಕೂಡ್ಲೇ ಅವರು ಜೋಪಾನ ಮಾಡಿಟ್ಟಿದ್ದ ನಿನ್ನ ಚಿತ್ರಗಳೂ ಅವರಿಗೆ ಕಾಣದ ಹಾಗಾಯ್ತು."

"ಅಂದ್ರೆ?"

"ಅಂದ್ರೆ ಅವರ ಕಲೆಕ್ಷನ್ನಿಂದ ನಾವೇ ಕಿತ್ತುಕೊಂಡ ಹಾಗೆ."

ಕತ್ತರಿಯಮ್ಮ ಕೊರಳಿನ ಕತ್ತರಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಆಮೇಲೆ ಮೆಲ್ಲಗೆ, "ಮತ್ತೆ ಬಿಚ್ಚಿಬಿಟ್ನಾ?" ಎಂದಳು. ಮಗಳಿಗೆ ಅದು ಯಾವುದರ ಮಾತೆಂದು ತಿಳಿಯಿತು. ತಿಳಿದದ್ದನ್ನು ತೋರಿಸಿಕೊಳ್ಳದೆ ಬಾಗಿಲು ತೆರೆಯುವ ಕೆಲಸಕ್ಕೆ ತೊಡಗಿದಳು. ಅಕೌಂಟನ್ನು ಎಲ್ಲರಿಗೂ ಕಾಣುವಂತೆ ಮಾಡಿದಳು. ಪ್ರೊಫೆಷನಲ್ಲಿಗೆ ತಂದಳು.

"ಈಗ ಅವರಿಗೆ ಮತ್ತೆ ಕಾಣುತ್ತೆ. ಅವರು ತೆಗೆದು ನೋಡಿದ್ರೆ."

"ಹಳೇ ಒಂದುಗಳು?"

"ಅವು ಹೋದ್ವು. ಇನ್ನು ಮೇಲೆ ಹಾಕೋದಕ್ಕೆ ಮಾತ್ರ ಅಂಕೆ ಬರುತ್ತೆ."

"ನಾನು ಸುಳ್ಳು ಹೇಳ್ತಿರ್ಲಿಲ್ಲ ಕಣೇ. ಇದ್ವು."

"ನಾನೂ ನೋಡಿದ್ದೀನಲ್ಲಮ್ಮ."

ಆ ವಾರ ಕತ್ತರಿಯಮ್ಮ ಒಂದು ಹಳೆಯ ಕೋಟಿಗೆ ಹೊಸ ಲೈನಿಂಗ್ ಹಾಕಿದಳು. ಯಂತ್ರ ಮುಟ್ಟದೆ, ತಂಗಿ ಹಾಕುತ್ತಿದ್ದಂತೆಯೇ, ಹೊರಗೆ ಸುಳಿವೇ ಸಿಗದ ಸಣ್ಣ ಸಣ್ಣ ಕೈಹೊಲಿಗೆಯಲ್ಲಿ. ಎಲ್ಲೂ ಬಿಚ್ಚಲಿಲ್ಲ. ಒಳಮೈ ತಿರುಗಿಸಿ, ಕಿಟಕಿಯ ಬೆಳಕಿಗೆ ಹಿಡಿದು, ಫೋಟೋ ತೆಗೆದಳು. ಕೆಳಗೆ ಏನು ಬರೆಯಲಿ ಎಂದು ಗಂಡನನ್ನು ಕೇಳಿದಳು. "ರಿಯಾಯಿತಿ ಇದೆ ಅಂತ ಬರಿ" ಎಂದ. ಅವಳು ಬರೆದದ್ದು: "ಕಿವಿ ಹಿಂದೆ ನೋಡು."

ಇಡೀ ದಿನ ಅಂಕೆ ಒತ್ತಲಿಲ್ಲ. ಮರುದಿನ ಇಸ್ತ್ರಿ ಪೆಟ್ಟಿಗೆ ಕಾಯಲಿಟ್ಟು ಇನ್‌ಸೈಟ್ಸ್ ತೆರೆದಳು. ಬಟ್ಟೆ ವ್ಯಾಪಾರಿಯ ಹೃದಯವಿತ್ತು. ಪರದೆಯವಳ ಹೃದಯವಿತ್ತು. ಲಾರಿಯವನು ಹೆಬ್ಬೆರಳೆತ್ತಿದ ಒಂದು ಚಿತ್ರ ಅಂಟಿಸಿದ್ದ.

ಸೇವ್ ಸೊನ್ನೆ ಇತ್ತು.