ಕಾಳೇದೊಡ್ಡಿಯ ಬಲ್ಬು

ರಾಮನಗರ ಜಿಲ್ಲೆಯ ಚರಿತ್ರೆ ಬರೆಯಹೊರಡುವ ವಿದ್ವಾಂಸರು ಕೋಟೆ ಕೊತ್ತಲಗಳನ್ನು ಬಿಟ್ಟರೂ ಬಿಡಲಿ, ಕಾಳೇದೊಡ್ಡಿಯ ಕಂಬದ ಬಲ್ಬು ಹೋದ ಸಂಗತಿಯನ್ನು ಮಾತ್ರ ಬಿಡಬಾರದು. ಜಿಲ್ಲೆ ಹುಟ್ಟಿ ಆಗಿನ್ನೂ ಎರಡೇ ವರ್ಷ. ಬಲ್ಬು ಹೋಗಿ ನಾಲ್ಕು ತಿಂಗಳು. ಇದರಿಂದ ಬಾಧೆಗೊಳಗಾದ ಜನಸಂಖ್ಯೆ ಒಂದು. ಆ ಒಂದರ ಹೆಸರು ಸಿದ್ದಮ್ಮ.

ಕಾಳೇದೊಡ್ಡಿಯಲ್ಲಿ ಹಿಂದೆ ಇಪ್ಪತ್ತೆರಡು ಮನೆಗಳಿದ್ದವು. ಸುತ್ತಲಿನ ಹೊಲಗಳೆಲ್ಲ ಕೈಗಾರಿಕೆಗೆ ಹೋದಾಗ ಹೊಲವಿದ್ದವರು ಪರಿಹಾರ ಹಿಡಿದುಕೊಂಡು ಹಾರೋಹಳ್ಳಿಗೋ ಕನಕಪುರಕ್ಕೋ ಹೋದರು. ಮನೆಗಳನ್ನು ಯಾರೂ ಕೊಳ್ಳಲಿಲ್ಲ. ಹಂಚು, ಬಾಗಿಲು ಬಿಚ್ಚಿಕೊಂಡು ಗೋಡೆ ಬಿಟ್ಟರು. ಸಿದ್ದಮ್ಮನಿಗೆ ಹೊಲವಿರಲಿಲ್ಲ, ಹಾಗಾಗಿ ಪರಿಹಾರವೂ ಇರಲಿಲ್ಲ, ಹೋಗುವುದಕ್ಕೆ ಊರೂ ಇರಲಿಲ್ಲ. ಗಂಡ ತೀರಿಕೊಂಡಿದ್ದ; ಮಕ್ಕಳಾಗಿರಲಿಲ್ಲ. ಹಾರೋಹಳ್ಳಿಯ ಗಾರ್ಮೆಂಟ್ಸಿನಲ್ಲಿ ಕಸ ಗುಡಿಸುವ ಕೆಲಸ. ಸಂಜೆಯ ಸರ್ಕಾರಿ ಬಸ್ಸು ಕಾಳೇದೊಡ್ಡಿ ಕಂಬದ ಮುಂದೆಯೇ ಹಾದುಹೋಗುತ್ತಿತ್ತು. ಬಲ್ಬು ಉರಿಯುವಷ್ಟು ದಿನ ನಿಲ್ಲುತ್ತಲೂ ಇತ್ತು.

"ಕತ್ಲಲ್ಲಿ ಸ್ಟಾಪೆಲ್ಲಿ ಅಂತ ಕಾಣದಮ್ಮ, ಆ ತಿರುವಲ್ಲಿ ನಿಲ್ಸುದ್ರೆ ಹಿಂದ್ಗಡೆ ಲಾರಿಯೋನು ಬಂದು ಗುದ್ಬುಡ್ತಾನೆ," ಎಂದು ಕಂಡಕ್ಟರು ಹೇಳಿದ್ದ. "ದೀಪ ಹಾಕ್ಸ್ಕೊ, ನಿಲ್ಸ್ತೀವಿ."

ಹೀಗೆ ಅವಳು ಒಂದು ಮೈಲಿ ಮುಂದಿನ ಮುತ್ತುಗದಪಾಳ್ಯದಲ್ಲಿ ಇಳಿದು, ಫ್ಯಾಕ್ಟರಿಯ ಉದ್ದನೆಯ ಕಾಂಪೌಂಡ್ ಗೋಡೆಗೆ ಆತುಕೊಂಡು ಹಿಂದಕ್ಕೆ ನಡೆಯಬೇಕಾಯಿತು. ಹಾದಿಯಲ್ಲಿ ಮಾತಾಡುವುದಕ್ಕೆ ಗೋಡೆಯೇ ಗತಿ. ಗೋಡೆಯ ಮೇಲೆ 'ಅತಿಕ್ರಮ ಪ್ರವೇಶ ನಿಷಿದ್ಧ' ಎಂದು ಬರೆದಿದ್ದರಿಂದ ಆ ಮಾತೂ ಹೆಚ್ಚು ಬೆಳೆಯುತ್ತಿರಲಿಲ್ಲ.

ಮರಳವಾಡಿ ಶಾಲೆಯ ಮೈದಾನದಲ್ಲಿ ಜಿಲ್ಲಾಧಿಕಾರಿಗಳು ಜನರ ಅಹವಾಲು ಕೇಳುತ್ತಾರೆಂದು ತಿಳಿದ ದಿನ ಸಿದ್ದಮ್ಮ ರಜೆ ಹಾಕಿದಳು. ಗಾರ್ಮೆಂಟ್ಸಿನ ಹೊಲಿಗೆ ಮೇಷಿನ್ನಿನ ಹುಡುಗಿ ರಮ್ಯಾಳ ಕೈಲಿ ಅರ್ಜಿ ಬರೆಸಿಕೊಂಡು, ನಾಲ್ಕು ಮಡಿಕೆ ಮಡಿಸಿ, ಶಾಮಿಯಾನದ ಎರಡನೇ ಸಾಲಿನಲ್ಲಿ ಕೂತಳು. ಅಷ್ಟು ಜನರ ನಡುವೆ ಕೂತು ಬಹಳ ದಿನವಾಗಿತ್ತು. ಪಕ್ಕದವಳ ಮೊಣಕೈ ತಗುಲಿದರೂ ಅವಳು ಸರಿಯಲಿಲ್ಲ.

ಜಿಲ್ಲಾಧಿಕಾರಿಗಳು ಹಾರ ಬೇಡವೆಂದು ಹೇಳಿ, ಹಾಕಿಸಿಕೊಂಡು, ಮೈಕಿನ ಮುಂದೆ ನಿಂತರು.

"ನೋಡಿ, ಇಷ್ಟು ದಿನ ಏನಾಗ್ತಿತ್ತು? ನೀವು ಅರ್ಜಿ ಕೊಡ್ತಿದ್ರಿ, ನಾವು ತಗೋತಿದ್ವಿ. ಆಮೇಲೆ ಅದು ಎಲ್ಲಿಗೆ ಹೋಯ್ತು ಅಂತ ನಿಮಗೂ ಗೊತ್ತಿಲ್ಲ, ನಿಜ ಹೇಳಬೇಕು ಅಂದ್ರೆ ನಮಗೂ ಗೊತ್ತಿಲ್ಲ."

ಜನ ನಕ್ಕರು. ವೇದಿಕೆಯ ಮೇಲಿದ್ದ ಅಧಿಕಾರಿಗಳು ಸ್ವಲ್ಪ ತಡವಾಗಿ ನಕ್ಕರು.

"ಇನ್ನು ಮೇಲೆ ಹಾಗಿಲ್ಲ. ಅರ್ಜಿನ ಹೋಬಳಿಯ ನೆಮ್ಮದಿ ಕೇಂದ್ರಕ್ಕೆ ತಗೊಂಡು ಹೋಗಿ. ಅಲ್ಲಿ ಕಂಪ್ಯೂಟರಿಗೆ ಹಾಕ್ತಾರೆ. ನಿಮ್ಮ ಹೆಸರು, ತಾಲ್ಲೂಕು, ಹೋಬಳಿ, ಊರು, ಯಾವ ಇಲಾಖೆ ವಿಷಯ, ಎಲ್ಲ. ಒಂದು ರಸೀದಿ ಕೊಡ್ತಾರೆ, ಅದರಲ್ಲಿ ನಂಬರ್ ಇರುತ್ತೆ. ಅದನ್ನ ಮಾತ್ರ ಕಳ್ಕೋಬೇಡಿ. ಅರ್ಜಿ ಅವತ್ತೇ ಸಂಬಂಧಪಟ್ಟ ಅಧಿಕಾರಿಗೆ ಹೋಗುತ್ತೆ. ಅವರಿಗೆ ವಾಯಿದೆ ಇದೆ. ವಾಯಿದೆ ಒಳಗೆ ಮಾಡಲಿಲ್ಲ ಅಂದ್ರೆ ತಾನಾಗೇ ಅವರ ಮೇಲಿನವರಿಗೆ ಹೋಗುತ್ತೆ. ಅವರೂ ಮಾಡಲಿಲ್ಲ ಅಂದ್ರೆ ನನ್ನ ಮುಂದೆ ಬಂದು ಕೂರುತ್ತೆ. ಕೆಲಸ ಆಯ್ತು ಅಂತ ಅವರು ಬರೆದರೂ ನಿಮಗೆ ಒಪ್ಪಿಗೆ ಇಲ್ವಾ? ಹದಿನೈದು ದಿನದೊಳಗೆ ಹೋಗಿ ಹೇಳಿ, ಅದೇ ನಂಬರಲ್ಲಿ ಅರ್ಜಿ ಮತ್ತೆ ತೆರೀತಾರೆ. ಸುಮ್ಮನಿದ್ರೆ ಒಪ್ಪಿಗೆ ಅಂತ ಮುಕ್ತಾಯ."

ಸಿದ್ದಮ್ಮ ಎದ್ದು ಮುಂದೆ ಹೋಗಿ ಕಾಗದ ಚಾಚಿದಳು. ಅವರು ಅದನ್ನು ಮುಟ್ಟದೆ ಕೈಮುಗಿದರು.

"ನಾನು ಕೈಯಲ್ಲಿ ತಗೊಂಡ್ರೆ ಹಳೇ ಕಥೆನೇ ಆಗುತ್ತಮ್ಮ. ಕೇಂದ್ರಕ್ಕೆ ಕೊಡಿ. ಕಂಪ್ಯೂಟರು ಯಾರನ್ನೂ ಮರೆಯೋದಿಲ್ಲ."

ಕೇಂದ್ರದಲ್ಲಿ ಕೂತಿದ್ದವನು ನಟರಾಜು. ಒಳ್ಳೆಯವನು. ಅವನ ಒಳ್ಳೆಯತನದಿಂದಲೇ ಮುಂದಿನದೆಲ್ಲ ಆದದ್ದು.

"ಊರು ಯಾವ್ದವ್ವ?"

"ಕಾಳೇದೊಡ್ಡಿ."

ಅವನು ಪರದೆಯ ಪಟ್ಟಿಯನ್ನು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಓಡಿಸಿದ. "ಇದ್ರಲ್ಲಿ ಇಲ್ವಲ್ಲ. ಬೇಚರಾಕ್ ಅಂತ ತೆಗ್ದ್ಬುಟ್ಟವ್ರೆ."

"ಹಂಗಂದ್ರೆ?"

"ಜನ ವಾಸ ಇಲ್ದಿರೋ ಊರು ಅಂತ."

"ನಾನಿದ್ದೀನಲ್ಲಪ್ಪ ಅಲ್ಲಿ."

"ಇದ್ದೀಯ, ಯಾರ್ ಇಲ್ಲ ಅಂದೋರು? ಪಟ್ಟೀಲಿಲ್ಲ ಅಷ್ಟೇಯ."

"ಕೈಲಿ ಬರ್ದು ಸೇರ್ಸಪ್ಪ."

"ಬರ್ಯಂಗಿಲ್ಲ ಕಣವ್ವ, ಇರೋದ್ರಲ್ಲಿ ಒಂದು ಆರಿಸ್ಬೇಕು. ಆರಿಸ್ದೆ ಮುಂದಕ್ಕೆ ಹೋಗಕಿಲ್ಲ." ಅವನು ತಲೆ ಕೆರೆದುಕೊಂಡ. ಹೊರಗೆ ಹದಿನಾಲ್ಕು ಜನ ಸಾಲಿನಲ್ಲಿದ್ದರು. "ಒಂದ್ ಕೆಲ್ಸ ಮಾಡ್ತೀನಿ. ಮುತ್ತುಗದಪಾಳ್ಯ ಅಂತ ಹಾಕ್ತೀನಿ. ನಿಮ್ದೂ ಅವ್ರ್ದೂ ಒಂದೇ ಪಂಚಾಯ್ತಿ. ನಿನ್ ರೇಷನ್ ಕಾರ್ಡ್ಗೂ ಹಂಗೇ ತಾನೆ ಮಾಡಿರೋದು? ಕೆಳಗೆ ಷರಾದಲ್ಲಿ 'ಕಾಳೇದೊಡ್ಡಿ ಕಂಬ' ಅಂತ ಬರ್ದಿರ್ತೀನಿ."

ರೇಷನ್ನಿಗೆ ನಡೆದದ್ದು ದೀಪಕ್ಕೂ ನಡೆದೀತೆಂದು ಸಿದ್ದಮ್ಮ ಒಪ್ಪಿದಳು. ರಸೀದಿಯನ್ನು ಎಲೆಯಡಿಕೆ ಚೀಲದಲ್ಲಿಟ್ಟಳು.

ವ್ಯವಸ್ಥೆ ಕೆಲಸ ಮಾಡಿತು. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ನಂಬುವವರು ಕಡಿಮೆ. ಒಂಬತ್ತನೇ ದಿನ ಸಂಜೆ ಬಸ್ಸು ಕಾಳೇದೊಡ್ಡಿಯ ಕತ್ತಲನ್ನು ಎಂದಿನಂತೆ ದಾಟಿ ಮುತ್ತುಗದಪಾಳ್ಯದಲ್ಲಿ ನಿಂತಾಗ, ವೆಂಕಟಲಕ್ಷ್ಮಮ್ಮನ ಪೆಟ್ಟಿಗೆ ಅಂಗಡಿಯ ಮುಂದಿನ ಕಂಬದಲ್ಲಿ ಹೊಸ ಟ್ಯೂಬ್‌ಲೈಟು ಹಾಲು ಚೆಲ್ಲಿದಂತೆ ಉರಿಯುತ್ತಿತ್ತು. ಅಲ್ಲಿ ಹಿಂದೆ ಅಂಗಡಿಯ ಮಿಣುಕು ಬೆಳಕು ಬಿಟ್ಟರೆ ದೀಪವೇ ಇರಲಿಲ್ಲ. ಕೆಳಗೆ ನಾಲ್ಕೈದು ಜನ ಕೂತಿದ್ದರು. ಪಂಚಾಯ್ತಿಯ ನೀರುಗಂಟಿ ಮುನಿಶಾಮಯ್ಯ, ದೀಪ ಕಟ್ಟುವುದೂ ಅವನ ಕೆಲಸವೇ, ಏಣಿ ಒರಗಿಸಿ ಬೀಡಿ ಸೇದುತ್ತಿದ್ದ.

"ಬಾ ಸಿದ್ದಕ್ಕ," ಎಂದಳು ವೆಂಕಟಲಕ್ಷ್ಮಮ್ಮ. "ನಿನ್ ಹೆಸ್ರಲ್ಲಿ ಬಂದ್ಬುಡ್ತು ನೋಡು. ನಾವು ಮೂರ್ ವರ್ಷದಿಂದ ಅಂಗಲಾಚುದ್ರೂ ಬರ್ನಿಲ್ಲ."

"ನಾ ಕೇಳಿದ್ದು ನಮ್ಮೂರ್ ಕಂಬಕ್ಕೆ," ಎಂದಳು ಸಿದ್ದಮ್ಮ.

ಮುನಿಶಾಮಯ್ಯ ಜೇಬಿನಿಂದ ಚೀಟಿ ತೆಗೆದು ಬೆಳಕಿಗೆ ಹಿಡಿದ. "ಮುತ್ತುಗದಪಾಳ್ಯ, ಬಸ್ ಸ್ಟಾಪ್ ಹತ್ರ ಬೀದಿದೀಪ. ಇಷ್ಟೇ ಕಣಕ್ಕ ಬಂದಿರೋದು. ಷರಾ ಗಿರಾ ನಮಗೆ ಪ್ರಿಂಟಾಗಿ ಬರಕಿಲ್ಲ."

ಮರುದಿನ ಕೇಂದ್ರದಲ್ಲಿ ನಟರಾಜು ನಂಬರು ಒತ್ತಿ ನೋಡಿದ. 'ಕೆಲಸ ಪೂರ್ಣಗೊಂಡಿದೆ' ಎಂದಿತ್ತು. ಅವನ ಮುಖ ಸಣ್ಣದಾಯಿತು.

"ಒಪ್ಪಿಗೆ ಇಲ್ಲ ಅಂತ ತಿರ್ಗಾ ತೆರೀಲಾ ಅವ್ವ?"

"ತೆರುದ್ರೆ ಕಾಳೇದೊಡ್ಡಿಗೆ ಬತ್ತದಾ?"

"ಅದೇ ನಂಬರು, ಅದೇ ಊರು. ಅವ್ರು ಹೋಗಿ ನೋಡ್ತಾರೆ, ಉರೀತೈತೆ ಅಂತ ಬರೀತಾರೆ. ಇಲ್ಲಾ, ತಪ್ಪು ಜಾಗ ಅಂದ್ರೆ ಬಿಚ್ಕೊಂಡ್ ಹೋಗ್ತಾರೆ. ಮೊದ್ಲು ಪಟ್ಟಿಗೆ ನಿಮ್ಮೂರು ಸೇರ್ಬೇಕು. ಅದಕ್ಕೆ ಬೇರೆ ಅರ್ಜಿ."

"ಹಾಕು ಮತ್ತೆ."

ಅವನು ಪರದೆ ನೋಡಿದ, ಅವಳನ್ನು ನೋಡಿದ. "ಅದಕ್ಕೂ ಊರು ಆರಿಸ್ಬೇಕವ್ವ," ಎಂದ, ತಗ್ಗಿದ ದನಿಯಲ್ಲಿ.



"ಹದಿನೈದ್ ದಿನ ಐತಲ್ಲ, ಯೋಚ್ನೆ ಮಾಡ್ತೀನಿ," ಎಂದು ಸಿದ್ದಮ್ಮ ರಸೀದಿಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡಳು.

ಆ ಹದಿನೈದು ದಿನವೂ ಅವಳು ಟ್ಯೂಬ್‌ಲೈಟಿನ ಕೆಳಗೆ ಇಳಿದಳು. ವೆಂಕಟಲಕ್ಷ್ಮಮ್ಮ ಜಗಲಿಯಲ್ಲಿ ಒಸಿ ಜಾಗ ಬಿಡುತ್ತಿದ್ದಳು. ಜನ ಅದನ್ನು 'ಸಿದ್ದಕ್ಕನ ಲೈಟು' ಎನ್ನತೊಡಗಿದ್ದರು. "ನಿನ್ ಲೈಟಿಗೆ ಹುಳ ಜಾಸ್ತಿ ಕಣಕ್ಕ," ಎಂದು ಮುನಿಶಾಮಯ್ಯ ದೂರುತ್ತಿದ್ದ. ಅವಳು ಒಂದು ಎಲೆಯಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಕೂರುವಳು. ಆಮೇಲೆ ಅವರೆಲ್ಲ ತಮ್ಮ ತಮ್ಮ ಬಾಗಿಲಿಗೆ ಹತ್ತು ಹೆಜ್ಜೆ ಹಾಕುವರು. ಅವಳು ಗೋಡೆಯ ಪಕ್ಕ ಒಂದು ಮೈಲಿ. ಗೋಡೆಯ ಮೊದಲ ತಿರುವಿನ ತನಕ ಅವಳ ನೆರಳು ಮುಂದೆ ಮುಂದೆ ಹೋಗುತ್ತಿತ್ತು. ತಿರುವಿನಾಚೆ ಅದೂ ಬರುತ್ತಿರಲಿಲ್ಲ.

ಹದಿನೈದನೇ ದಿನ ಅವಳು ಕೇಂದ್ರದ ಬಾಗಿಲ ತನಕ ಹೋದಳು. ನಟರಾಜು ಎದ್ದು ನಿಂತ.

"ಬುಡಪ್ಪ," ಎಂದಳು. "ಅಲ್ಲಾದ್ರೂ ಉರೀಲಿ. ಅದ್ನೂ ಬಿಚ್ಬುಟ್ರೆ ನಾನೆಲ್ಲಿ ಕೂರ್ಲಿ?"

ಅರ್ಜಿದಾರರ ಒಪ್ಪಿಗೆಯೊಂದಿಗೆ ಅರ್ಜಿ ಮುಕ್ತಾಯವಾಯಿತು. ಕಾಳೇದೊಡ್ಡಿಯ ಕಂಬಕ್ಕೆ ಬಲ್ಬು ಬರಲಿಲ್ಲ.