ತುಟಿ ಮುಂದೆ, ದನಿ ಹಿಂದೆ

ಪರದೆಯ ಮೇಲೆ ಒಂದು ಮುಖ ನಿಂತಿತ್ತು. ಬಿಳಿಯ ಟೋಪಿ, ನರೆತ ಗಡ್ಡ, ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದ ಎಡಗೈ. ಹಿಂದೆ ನೀಲಿ ಗೋಡೆ. ಮೊಳೆಗೆ ತೂಗುಬಿಟ್ಟ ಔಷಧಿಯ ಚೀಲ. ಮಂದ ಬೆಳಕು ಒಂದೇ ಕೆನ್ನೆಗೆ ಬಿದ್ದಿತ್ತು. ತುಟಿಗಳು ಅರ್ಧ ತೆರೆದಿದ್ದವು.

ಶಿವಾಜಿನಗರದ ತನ್ನ ಎಡಿಟಿಂಗ್ ಕೋಣೆಯಲ್ಲಿ ನಿಂಗಣ್ಣ ಆ ಮುಖವನ್ನೇ ನೋಡುತ್ತಿದ್ದ. ಪಕ್ಕದಲ್ಲಿ, ತೀರಿಕೊಂಡ ಅಬ್ದುಲ್‌ನ ಮಗ ಸೈಫ್.

“ಮೊನ್ನೆ ನಲವತ್ತನೇ ದಿನದ ಫಾತಿಹಾ, ಪ್ರಾರ್ಥನೆ, ಊಟ ಇತ್ತು ಅಣ್ಣ. ಅಬ್ಬಾ ಬಾಗಿಲು ಹಾಕ್ಕೊಂಡು ಫೋನಲ್ಲಿ ಒಬ್ರೇ ಮಾತಾಡಿ ಇಟ್ಟಿದ್ದ ಈ ವಿಡಿಯೋ ಹಾಕಿದ್ವಿ. ಅವತ್ತೇ ನೋಡಿ, ಮುಂಚೆ ಬೇಡ ಅಂದಿದ್ರು. ಶುರುವಲ್ಲಿ ಚೆನ್ನಾಗೇ ಇತ್ತು. ಬರ್ತಾ ಬರ್ತಾ ಬಾಯಿ ಮುಂದೆ, ಮಾತು ಹಿಂದೆ. ಮಕ್ಕಳು ಡಬ್ಬಿಂಗ್ ಪಿಕ್ಚರ್ ಅಂತ ನಕ್ಬಿಟ್ರು. ಅಮ್ಮಿ ಅಳ್ತಾ ನಿಲ್ಸು ಅಂದ್ರು. ಸರಿಮಾಡಿ ಕೊಡೋ ಮುಂಚೆ ನೀವು ಪೂರ್ತಿ ನೋಡಿದ್ರಿ ತಾನೆ?”

ನಿಂಗಣ್ಣ ತಲೆ ತಗ್ಗಿಸಿದ. ಮದುವೆಗಳ ಸುಗ್ಗಿಯಲ್ಲಿ ಗದ್ದಲ ತೆಗೆದು, ಹೆಸರು ಹಾಕಿ, ಮೊದಲ ನಿಮಿಷವನ್ನಷ್ಟೇ ನೋಡಿ ಕೊಟ್ಟಿದ್ದ.

ದನಿಯ ಪಟ್ಟಿಯನ್ನು ತುಸು ಮುಂದಕ್ಕೆಳೆದ. ನಡುವೆ ಕೂಡಿತು, ಆರಂಭ ಕೆಟ್ಟಿತು.

“ತಲೆಗೆ ಹೊದ್ರೆ ಕಾಲಿಗಿಲ್ಲ ಅನ್ನೋ ಕಂಬಳಿ ಆಯ್ತಲ್ಲ ಅಣ್ಣ!”

ಹತ್ತನೇ ನಿಮಿಷದಲ್ಲಿ ಅರ್ಧ ಸೆಕೆಂಡಿನಷ್ಟು, ಇಪ್ಪತ್ತರಲ್ಲಿ ಒಂದು ದಾಟಿದ ಅಂತರ. ಕ್ರಮವಾಗಿ ಬೆಳೆಯುವ ಅಂತರವೆಂದರೆ ಸರಿಸಿ ತೀರುವಂಥದ್ದಲ್ಲ.

“ಬೆಳಕು ಕಮ್ಮಿ ಇದ್ರೆ ಫೋನು ಸೆಕೆಂಡಿಗೆ ಮೂವತ್ತು ಚಿತ್ರ ಹಿಡಿಯಲ್ಲಪ್ಪ, ಆಗಾಗ ಒಂದೊಂದು ತಪ್ಪಿಸುತ್ತೆ. ನನ್ನ ಸಾಫ್ಟ್‌ವೇರು ಎಲ್ಲಾ ಸಮ ಅಂದ್ಕೊಂಡು ಮೂವತ್ತರಂತೆ ಓಡಿಸ್ತು. ಚಿತ್ರ ಬೇಗ ಹೋಯ್ತು, ದನಿ ತನ್ನ ಗತೀಲೇ ಬಂತು.”

ಫೋನಿನ ಮೂಲ ಫೈಲನ್ನೇ ತೆಗೆದುಕೊಂಡು, ತಪ್ಪಿದ ಕಡೆ ಹಿಂದಿನ ಚಿತ್ರವನ್ನೇ ಮತ್ತೊಮ್ಮೆ ಸೇರಿಸುತ್ತ ಒಂದೇ ಸಮದ ವೇಗಕ್ಕೆ ಬದಲಿಸಿದ. ಹೊಸದಾಗಿ ಜೋಡಿಸಿ, ಎಕ್ಸ್‌ಪೋರ್ಟ್ ಮಾಡಿ, ಈ ಸಲ ಇಬ್ಬರೂ ಕೊನೆಯವರೆಗೆ ಕುಳಿತು ನೋಡಿದರು. ತುಟಿಯೂ ದನಿಯೂ ಎಲ್ಲಿಯೂ ಅಗಲಲಿಲ್ಲ.

ಮೂವತ್ತೆಂಟನೇ ನಿಮಿಷದಲ್ಲಿ ಅಬ್ದುಲ್ ತನ್ನ ದಖ್ಖನಿ ಉರ್ದುವಿನಲ್ಲಿ ಹೇಳಿದ: “ಬಿಲ್ಕೀಸ್, ತಂಗಿ, ನಾನು ಹೋದ ಸುದ್ದಿ ಕೇಳಿ ನೀನು ಬಂದೇ ಬರ್ತೀಯ. ಹನ್ನೆರಡು ವರ್ಷ ಮಾತು ಬಿಟ್ಟವನು ನಾನು, ತಪ್ಪು ನಂದು. ಸೈಫ್, ಇವತ್ತು ಫಾತಿಹಾ ಊಟದ ಮೊದಲನೇ ತಟ್ಟೆ ನಿನ್ನ ಫುಪ್ಪುಗೆ ಬಡಿಸು.”

ಸೈಫ್ ಎರಡೂ ಅಂಗೈಗಳಿಂದ ಮುಖ ಮುಚ್ಚಿಕೊಂಡ.

“ಫುಪ್ಪು ಬಂದಿದ್ರು ಅಣ್ಣ. ಅಬ್ಬಾ ದನಿ ಕೇಳ್ತಾ ಗೇಟ್ ಹತ್ರಾನೇ ನಿಂತಿದ್ರು. ಅಬ್ಬಾಗೆ ಬೇಡವಾದವರು ಅಂತ ನಾವ್ಯಾರೂ ಒಳಗೆ ಕರೀಲಿಲ್ಲ. ವಿಡಿಯೋ ನಿಂತಾಗ ಹೊರಟುಹೋದ್ರು.”

“ಕೊನೇ ತನಕ ಒಂದ್ಸಲ ನೋಡಿದ್ರೆ ಸಾಕಿತ್ತು ಕಣಪ್ಪ. ನನ್ನಿಂದ ಆಯ್ತು.”

“ಸರಿ ಮಾಡಿದ್ರಲ್ಲ,” ಎಂದ ಸೈಫ್. “ಆದರೆ ಆ ದಿನ ಇನ್ನೊಂದ್ಸಲ ಬರಲ್ಲ.”

ಪೆನ್‌ಡ್ರೈವನ್ನು ಜೇಬಿಗೆ ಹಾಕಿಕೊಂಡ. ಬಿಲ್ಕೀಸ್‌ಳ ಮನೆ ಕೆ.ಆರ್.ಪುರದಲ್ಲಿ; ಬಾಗಿಲು ತೆರೆದಾಳೋ ಇಲ್ಲವೋ, ಹೋಗುತ್ತೇನೆಂದ. ಜೊತೆಗೆ ಬರಲೇ ಎಂದು ನಿಂಗಣ್ಣ ಎದ್ದ. ಸೈಫ್ ಬೇಡವೆಂದು ತಲೆಯಾಡಿಸಿ ಹೊರಗೆ ನಡೆದ. ಅವನ ಹಿಂದೆ ಬಾಗಿಲು ಮೆಲ್ಲನೆ ಮುಚ್ಚಿಕೊಂಡಿತು.