ಲೇಯರ್ ಕೆಳಗಿನ ರಂಗೋಲಿ

ಕನಕಪುರದ ಫ್ಲೆಕ್ಸ್ ಅಂಗಡಿಯಲ್ಲಿ ಸೌಮ್ಯ ದೀಪಾವಳಿ ಶುಭಾಶಯದ ಕಾರ್ಡು ಮಾಡುತ್ತಿದ್ದಳು. ದೊಡ್ಡಆಲಹಳ್ಳಿಯ ಕೆಂಪರಾಜು ಪಕ್ಕದ ಸ್ಟೂಲಿನ ಮೇಲೆ ಕೂತು ಮಾಡಿಸುತ್ತಿದ್ದ. ಹಿಂದೆ ನಿಂತಿದ್ದ ಅವನ ತಾಯಿ ಸರಸಮ್ಮನಿಗೆ ಬೇಕಾಗಿದ್ದು ಒಂದೇ. ‘ನಿನ್ನ ಕೈಯಲ್ಲಿ ಒಂದು ಗೆರೆ ನೆಟ್ಟಗೆ ಬರಲ್ಲ’ ಎಂದು ಮಾಗಡಿಯಲ್ಲಿರುವ ಅವರ ಅಕ್ಕ ಹೋದ ವರ್ಷ ಎಲ್ಲರೆದುರು ಅಂದಿದ್ದಳು. ಈ ಸಲ ತಾವು ಅಂಗಳದ ತುಂಬ ಹಾಕಿದ ಚುಕ್ಕಿ ರಂಗೋಲಿಯನ್ನು ಆ ಅಕ್ಕ ನೋಡಬೇಕಿತ್ತು. ಕಾರ್ಡಿನ ಹಿನ್ನೆಲೆಗೆ ಹಾಕಿದ್ದು ಆ ಅಂಗಳದ ಫೋಟೋನೇ.

‘ಖಾಲಿ ಖಾಲಿ ಕಾಣ್ತೈತೆ. ದೀಪ ಮಡುಗು,’ ಎಂದ ಕೆಂಪರಾಜು.

ಸೌಮ್ಯ ಎರಡು ದೀಪ ಇಟ್ಟಳು. ಗಾಳಿಯಲ್ಲಿ ತೇಲಿದಂತಿದ್ದವು ಎಂದು ಅಡಿಗೆ ನೆರಳು ಕೊಟ್ಟಳು.

‘ಇನ್ನೊಂದೆರಡು. ಮೇಲೊಂದು ಚೆಂಡುಹೂವಿನ ತೋರಣ. ಕೆಳಗೊಂದು ಕಲರ್ ರಂಗೋಲಿ.’

‘ಅಣ್ಣಾ, ಕೆಳಗೆ ರಂಗೋಲಿ ಐತಲ್ಲ?’

‘ಅದು ಬರೀ ಬಿಳೀದು ಕಣವ್ವ.’

ಕಂಪ್ಯೂಟರಿನಲ್ಲಿದ್ದ ರೆಡಿಮೇಡ್ ರಂಗೋಲಿ ತಟ್ಟೆಯಂತೆ ದುಂಡಗಿತ್ತು. ಸೌಮ್ಯ ಅದನ್ನು ಮೇಲಿನಿಂದ ಒತ್ತಿ, ಮುಂದಿನ ಅಂಚು ಅಗಲಿಸಿ, ನೆಲಕ್ಕೆ ಮಲಗಿಸಿದಳು. ಸರಸಮ್ಮನ ರಂಗೋಲಿ ಪೂರ್ತಿ ಮುಚ್ಚಿಹೋಯಿತು.

‘ನಂದೆಲ್ಲವ್ವ ಹೋಯ್ತು?’

‘ಅಡೀಲೈತೆ ಅಮ್ಮಾ.’

‘ಅಡೀಲಿದ್ರೆ ನಮ್ಮಕ್ಕ ಏನು ಬಗ್ಗಿ ನೋಡ್ತಾಳಾ? ತಗಿ ಅದ್ನ!’

ಸೌಮ್ಯ ಒಂದೊಂದೇ ಲೇಯರಿನ, ಅಂದರೆ ಪದರದ, ಪಕ್ಕದ ಕಣ್ಣಿನ ಗುರುತು ಒತ್ತಿ ಮರೆಮಾಡಿದಳು. ರೆಡಿಮೇಡ್ ರಂಗೋಲಿ ಹೋಯಿತು, ತೋರಣ ಹೋಯಿತು, ದೀಪಗಳೂ ಹೋದವು. ಕೆಂಪರಾಜು ಉರಿದುಬಿದ್ದ. ‘ಬರೀ ಫೋಟೋ ಕಳ್ಸಕ್ಕೆ ಇಲ್ಲೀಗಂಟ ಬಂದಿದ್ದಾ?’

ಊಟದ ಹೊತ್ತು ಮೀರುತ್ತಿತ್ತು; ಸೌಮ್ಯ ಇಬ್ಬರಿಗೂ ಒಪ್ಪುವಂತೆ ರಾಜಿ ಮಾಡಿದಳು. ತೋರಣವನ್ನು ಮತ್ತೆ ತಂದಳು. ದೀಪಗಳನ್ನು ಸರಸಮ್ಮನ ರಂಗೋಲಿಯ ಅಂಚಿಗೆ ಸಾಲಾಗಿ ಸರಿಸಿದಳು. ಬಿಳಿ ಗೆರೆ ಎದ್ದು ಕಾಣುವಂತೆ ಹಿಂದಿನ ಮಣ್ಣನ್ನು ಕಪ್ಪು ಮಾಡಿದಳು. ಒಂದು ಮೂಲೆಯಲ್ಲಿ ಕೋಳಿ ತುಳಿದು ಗೆರೆ ಕದಡಿತ್ತು. ಪಾಪ ಎನಿಸಿ, ಎದುರು ಮೂಲೆಯನ್ನೇ ನಕಲು ಮಾಡಿ, ತಿರುಗಿಸಿ ಅದರ ಮೇಲೆ ಕೂರಿಸಿದಳು. ಯಾರೂ ಕೇಳಿರಲಿಲ್ಲ.

‘ಈಗ ನೋಡು, ಹೆಂಗೈತೆ!’ ಎಂದ ಕೆಂಪರಾಜು ಕಾರ್ಡನ್ನು ಫೋನಿಗೆ ಹಾಕಿಸಿಕೊಂಡು ಕೂತಲ್ಲಿಂದಲೇ ಮಾಗಡಿಯ ದೊಡ್ಡಮ್ಮನಿಗೆ ಕಳಿಸಿದ. ಸರಸಮ್ಮ ಫೋನಿನಿಂದ ಕಣ್ಣು ತೆಗೆಯಲಿಲ್ಲ.

ಅಕ್ಕನ ವಾಯ್ಸ್ ಮೆಸೇಜು ಬಂತು. ‘ಸೂಪರ್ ಕಣ್ಲಾ ಕೆಂಪ! ರಂಗೋಲಿ ಯಾವ್ ಕಂಪ್ಯೂಟರ್ದು? ಒಂದು ಗೆರೆ ಆಚೀಚೆ ಇಲ್ಲ. ನಿಮ್ಮವ್ವಂಗೂ ತೋರ್ಸು, ಒಸಿ ಕಲೀಲಿ.’

ಸರಸಮ್ಮ ಕಂಪ್ಯೂಟರ್ ತೆರೆಗೆ ಮುಖ ಹತ್ತಿರ ತಂದು ಮೂಲೆಯನ್ನು ಹುಡುಕಿದರು.

‘ಕೋಳಿ ತುಳ್ದಿದ್ದು ಎಲ್ಲವ್ವಾ?’

‘ಅಳಿಸ್ಬುಟ್ಟೆ ಅಮ್ಮಾ, ಚೆಂದ ಕಾಣ್ಲಿ ಅಂತ. ಹಳೇ ಫೋಟೋ ಐತೆ, ಬೇಕಾದ್ರೆ ವಾಪಸ್ ಹಾಕಿ ಕಳಿಸ್ತೀನಿ.’

ಸರಸಮ್ಮ ಸೆರಗು ಸರಿಮಾಡಿಕೊಂಡು ಬಾಗಿಲಿನತ್ತ ನಡೆದರು.

‘ಬ್ಯಾಡ ಬುಡು. ಇನ್ನು ಅದ್ನೂ ಕಂಪ್ಯೂಟರ್ ಕೋಳಿ ಅಂತಾಳೆ.’